ಕೆಲಸ ಮುಗೀತು ಅಂತ ಹೇಳುವವರು ಯಾರು?

“ಕ್ಲೈಂಟ್ ದುಡ್ಡು ಕೊಡ್ತಿಲ್ಲ, ಮೇಲಿಂದ ಹೊಸ ಹೊಸ ಕೆಲಸ ಹೇಳ್ತಾನೇ ಇದ್ದಾರೆ. ಸಂಬಂಧ ಕೆಡದ ಹಾಗೆ ಹೇಗೆ ಕೇಳಲಿ?”

ಮೊದಲು ಹೊಸ ಕೆಲಸ ನಿಲ್ಲಿಸಿ. ಆಮೇಲೆ ದುಡ್ಡು ಕೇಳಿ. ಹೀಗೆ ಫೋನ್ ಮಾಡಿ ಕೇಳುವವರಿಗೆಲ್ಲ ಇದನ್ನೇ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದು ಇಡುತ್ತಿದ್ದೇನೆ.

“ಸಂಬಂಧ ಕೆಡದ ಹಾಗೆ” ಅನ್ನುವ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಮಾಡಿದ ಕೆಲಸಕ್ಕೆ ದುಡ್ಡು ಕೇಳುವವರೇ ಯಾಕೆ ಅಳುಕಬೇಕು? ಕೊಡಬೇಕಾದವರಿಗೆ ಆ ಅಳುಕು ಇರಬೇಕು, ಅಲ್ವಾ? ಆದರೆ ಒಂದು ಸಲ ನಾನೂ ಮೂರು ತಿಂಗಳು ಹಾಗೇ ಅಳುಕಿಕೊಂಡು ಕೂತಿದ್ದೆ.

ಎಂಟು ಪುಟದ ಒಂದು ವೆಬ್‌ಸೈಟ್. ಅಡ್ವಾನ್ಸ್ 40%, ಉಳಿದ 60% “ಕೆಲಸ ಮುಗಿದ ಮೇಲೆ” ಅಂತ ಒಪ್ಪಿಕೊಂಡಿದ್ದೆವು. ಐದು ವಾರದಲ್ಲಿ ಎಂಟೂ ಪುಟ ಮುಗಿಸಿ ಬಿಲ್ ಕಳಿಸಿದೆ. “ತುಂಬಾ ಚೆನ್ನಾಗಿದೆ. ಒಂದು ಫೋಟೋ ಗ್ಯಾಲರಿ ಸೇರಿಸಿಬಿಡಿ, ಎಲ್ಲಾ ಒಟ್ಟಿಗೆ ಕ್ಲಿಯರ್ ಮಾಡ್ತೀನಿ” ಅಂದರು. ಎರಡು ಗಂಟೆಯ ಕೆಲಸ, ಮಾಡಿಕೊಟ್ಟೆ. ಆಮೇಲೆ ಫಾರ್ಮಿಗೆ ಇನ್ನೂ ನಾಲ್ಕು ಕಾಲಂ. ಆಮೇಲೆ ಮೆನು ಬದಲಾವಣೆ. ಕೊನೆಗೆ ಇಡೀ ಸೈಟ್ ಇನ್ನೊಂದು ಭಾಷೆಯಲ್ಲೂ ಬೇಕು ಅಂದರು. ಅಂದರೆ ಎಂಟು ಪುಟ ಹದಿನಾರಾಗುತ್ತದೆ. ಅದನ್ನೂ “ಸುಮ್ನೆ ಒಂದು ಬಟನ್ ಅಷ್ಟೇ” ಅಂತ ಹೇಳಿದರು.

ಅವತ್ತು ರಾತ್ರಿ ಹಳೆಯ ಮೆಸೇಜುಗಳನ್ನೆಲ್ಲ ತೆಗೆದು ಲೆಕ್ಕ ಹಾಕಿದೆ. ಹನ್ನೊಂದು ಹೊಸ ಬೇಡಿಕೆ, 34 ಗಂಟೆ. ಮೂಲ ಕೆಲಸಕ್ಕೆ ನಾನು ಅಂದಾಜು ಮಾಡಿದ್ದೇ 60 ಗಂಟೆ.

ನನಗೆ ಆಗ ಹೊಳೆದದ್ದು ಇದು. ದುಡ್ಡು ತಡವಾಗುವುದು, ಕೆಲಸ ಬೆಳೆಯುವುದು ಎರಡು ಬೇರೆ ಬೇರೆ ತೊಂದರೆಯಲ್ಲ. ದುಡ್ಡು ಬರಬೇಕಾದದ್ದು ಕೆಲಸ ಮುಗಿದ ಮೇಲೆ. ಪ್ರತಿ ಹೊಸ ಬೇಡಿಕೆಗೂ ಆ “ಮುಗಿದ” ದಿನ ಮುಂದೆ ಹೋಗುತ್ತದೆ. ಕ್ಲೈಂಟ್ ಮೋಸಗಾರರೇ ಆಗಿರಬೇಕಿಲ್ಲ. ಎಷ್ಟೋ ಕಡೆ ಕೆಲಸ ಹೇಳುವವರು ಒಬ್ಬರು, ಬಿಲ್ ಪಾಸ್ ಮಾಡುವವರು ಇನ್ನೊಬ್ಬರು. ಮೊದಲನೆಯವರು “ಆಯ್ತು” ಅನ್ನುವ ತನಕ ಎರಡನೆಯವರ ಕೈಗೆ ಬಿಲ್ ಹೋಗುವುದೇ ಇಲ್ಲ.

ಮರುದಿನ ಒಂದು ಮೇಲ್ ಬರೆದೆ. ಅದರಲ್ಲಿ ಎರಡು ಪಟ್ಟಿ. ಮೊದಲನೆಯದರಲ್ಲಿ ಒಪ್ಪಿದ ಎಂಟು ಪುಟ, ಪ್ರತಿಯೊಂದನ್ನೂ ಕೊಟ್ಟ ತಾರೀಖು, ಬಾಕಿ ಮೊತ್ತ. ಎರಡನೆಯದರಲ್ಲಿ ಇನ್ನೊಂದು ಭಾಷೆಯ ಕೆಲಸ, ಅದಕ್ಕೆ ಬೇಕಾದ ಗಂಟೆ, ಅದರ ಬೇರೆ ದರ. ಕೆಳಗೆ ಒಂದೇ ಸಾಲು: “ಮೊದಲ ಪಟ್ಟಿಯ ದುಡ್ಡು ಬಂದ ಮೇಲೆ ಎರಡನೆಯದನ್ನು ಶುರು ಮಾಡುತ್ತೇನೆ.” ಕ್ಷಮೆ ಕೇಳಲಿಲ್ಲ, ಮನೆಯ ಕಷ್ಟ ಹೇಳಿಕೊಳ್ಳಲಿಲ್ಲ.

ಒಂಬತ್ತು ದಿನ ಉತ್ತರವಿಲ್ಲ. ಆಮೇಲೆ ಫೋನ್ ಬಂತು. “ಇಷ್ಟಕ್ಕೆಲ್ಲ ಕೆಲಸ ನಿಲ್ಲಿಸ್ತೀರಾ?”

“ಮೊದಲ ಪಟ್ಟಿಯಲ್ಲಿ ಏನು ಬಾಕಿ ಇದೆ ಹೇಳಿ ಸರ್, ಇವತ್ತೇ ಮಾಡುತ್ತೇನೆ” ಅಂದೆ. ಏನೂ ಇರಲಿಲ್ಲ. ಎರಡು ವಾರದಲ್ಲಿ 60% ಬಂತು. ಆ 34 ಗಂಟೆಗೆ ಏನೂ ಬರಲಿಲ್ಲ, ಯಾಕೆಂದರೆ ಮಾಡುವಾಗ ದರ ಹೇಳಿರಲಿಲ್ಲ. ಅದು ಇವತ್ತಿಗೂ ನನಗೆ ನೋವೇ.

ಹಾಗಾಗಿ ಹೇಗೆ ಕೇಳಲಿ ಅನ್ನುವುದಕ್ಕಿಂತ, ಕೆಲಸ ಮುಗೀತು ಅಂತ ಹೇಳುವವರು ಯಾರು ಅಂತ ನನ್ನನ್ನು ಕೇಳಿ. ಅದೂ ಕೆಲಸ ಶುರುವಾಗುವ ಮೊದಲೇ ಕೇಳಿ. ನನ್ನ ಒಪ್ಪಂದದಲ್ಲಿ ಈಗ ಅದನ್ನು ದಿನಗಳು ಹೇಳುತ್ತವೆ. ತಿದ್ದುಪಡಿಗೆ ಎರಡು ಸುತ್ತು. ಕೆಲಸ ಕೊಟ್ಟು ಏಳು ದಿನದೊಳಗೆ ತಿದ್ದುಪಡಿ ಬರೆದು ಕಳಿಸದಿದ್ದರೆ ಒಪ್ಪಿದ ಹಾಗೆ. ದುಡ್ಡು ಮೂರು ಕಂತು: 40% ಶುರುವಿಗೆ, 30% ಮೊದಲ ಕರಡು ತೋರಿಸಿದಾಗ, 30% ಕೊನೆಯ ಫೈಲುಗಳನ್ನು ಕೊಡುವ ಮೊದಲು. ಹೊಸ ಬೇಡಿಕೆ ಬಂದರೆ ಅದೇ ದಿನ ಉತ್ತರ ಬರೆಯುತ್ತೇನೆ: ಎಷ್ಟು ಗಂಟೆ, ಎಷ್ಟು ದುಡ್ಡು, ಎಷ್ಟು ದಿನ ಜಾಸ್ತಿ. “ಸರಿ” ಅಂತ ಬರಹದಲ್ಲಿ ಬಂದ ಮೇಲೆಯೇ ಕೈ ಹಾಕುತ್ತೇನೆ. ಬಿಟ್ಟಿಯಾಗಿ ಮಾಡಿಕೊಟ್ಟರೂ ಬಿಲ್ಲಿನಲ್ಲಿ ಅದರ ನಿಜವಾದ ದರ ಬರೆದು, ಅಷ್ಟನ್ನೂ ಕಳೆದು ಸೊನ್ನೆ ತೋರಿಸುತ್ತೇನೆ. ಆ ಕೆಲಸಕ್ಕೂ ಬೆಲೆ ಇದೆ ಅಂತ ಕ್ಲೈಂಟ್‌ಗೆ ಗೊತ್ತಾಗುವುದು ಅಲ್ಲೇ.

ಫೈಲು, ಪಾಸ್‌ವರ್ಡ್ ಎಲ್ಲ ಆಗಲೇ ಕೊಟ್ಟುಬಿಟ್ಟಿದ್ದರೆ ನಿಮ್ಮ ಹತ್ತಿರ ಉಳಿಯುವುದು ಬಿಲ್ಲು ಮತ್ತು ಬರಹದ ಮಾತುಗಳು ಮಾತ್ರ. ಆಗ ಸಿಟ್ಟಿಗೆ ಅವರ ಸೈಟನ್ನು ಬಂದ್ ಮಾಡಬೇಡಿ. ಅಲ್ಲಿಯ ತನಕ ಅವರದ್ದಾಗಿದ್ದ ತಪ್ಪು ಆ ಕ್ಷಣದಿಂದ ನಿಮ್ಮದೂ ಆಗುತ್ತದೆ.