ಸರ್ವೆ ತುಂಬಿದರೆ ಗಂಟೆಗೆ ಎಷ್ಟು ಗಿಟ್ಟುತ್ತದೆ?

"ಅಕ್ಕಾ, ಮೊಬೈಲ್‌ನಲ್ಲಿ ಸರ್ವೆ ತುಂಬಿದ್ರೆ, ಚಿಕ್ಕಪುಟ್ಟ ಟಾಸ್ಕ್ ಮಾಡಿದ್ರೆ ದಿನಕ್ಕೆ ಐನೂರು ಬರತ್ತಂತೆ. ಹೌದಾ? ಯಾವ ಆ್ಯಪ್ ಹಾಕ್ಕೊಳ್ಳಲಿ?"

ನನಗೆ ಬಂದದ್ದು ಗಂಟೆಗೆ 35 ರೂಪಾಯಿ. ಅದೂ ಗಡಿಯಾರ ಇಟ್ಟುಕೊಂಡು, ನೋಟ್‌ಬುಕ್‌ನಲ್ಲಿ ಬರೆದು ತೆಗೆದ ಲೆಕ್ಕ. ಆ್ಯಪ್ ಹೆಸರು ಹೇಳುವುದಕ್ಕಿಂತ ಈ 35 ಹೇಗೆ ಬಂತು ಅಂತ ಹೇಳಿದರೆ ನಿಮಗೆ ಜಾಸ್ತಿ ಉಪಯೋಗ.

ನಾನು ಚಿಕ್ಕವಳಿದ್ದಾಗ ಮೈಸೂರಿನ ನಮ್ಮ ಬೀದಿಯಲ್ಲಿ ಎಷ್ಟೋ ಮನೆಗಳಲ್ಲಿ ಊದುಬತ್ತಿ ಹೊಸೆಯುತ್ತಿದ್ದರು. ನಮ್ಮಮ್ಮನೂ ಹೊಸೆಯುತ್ತಿದ್ದರು. ಸಾವಿರ ಕಡ್ಡಿಗೆ ಇಷ್ಟು ಅಂತ ಕೂಲಿ. ಆದರೆ ಹಿಟ್ಟು ಕಲಸುವುದಕ್ಕೆ, ಒಣಗಿಸುವುದಕ್ಕೆ, ಕಟ್ಟು ಕಟ್ಟುವುದಕ್ಕೆ ಬೇರೆ ಕೂಲಿ ಇರಲಿಲ್ಲ. ಸೊಟ್ಟಗಿದ್ದ ಕಡ್ಡಿಯನ್ನು ಎಣಿಸಿ ಪಕ್ಕಕ್ಕೆ ಹಾಕುತ್ತಿದ್ದರು, ಅದಕ್ಕೆ ಕಾಸಿಲ್ಲ. ಪಕ್ಕದ ಮನೆಯವರು "ಒಂದು ಗಂಟೇಲಿ ಇಷ್ಟು ಹೊಸೀತೀನಿ" ಅಂದರೆ ಅಮ್ಮ ಕೇಳುತ್ತಿದ್ದರು, "ಕಲಸಿದ್ದು ಸೇರಿಸಿದ್ಯೇನೇ?" ಸರ್ವೆಗೂ ಇದೇ ಪ್ರಶ್ನೆ ಹಾಕಬೇಕು.

ಮದುವೆಯಾಗಿ ಮಂಡ್ಯಕ್ಕೆ ಬಂದ ಮೇಲೆ, ಮಗು ಮಲಗಿದಾಗ ರಾತ್ರಿ ಒಂದು ಗಂಟೆ ಸಿಗುತ್ತಿತ್ತು. ಹತ್ತು ದಿನ, ದಿನಕ್ಕೆ ಒಂದು ಗಂಟೆ, ಒಂದೇ ಸರ್ವೆ ಸೈಟಿನಲ್ಲಿ ಕೂತೆ. ಹತ್ತು ಗಂಟೆಯಲ್ಲಿ 71 ಸರ್ವೆ ತೆರೆದೆ. ಪೂರ್ತಿ ಆದದ್ದು 12. 47 ಸರ್ವೆಗಳು ಒಂದಷ್ಟು ಪ್ರಶ್ನೆ ಕೇಳಿ "ನೀವು ಇದಕ್ಕೆ ಅರ್ಹರಲ್ಲ" ಅಂದವು. 9 ಸರ್ವೆಗಳಲ್ಲಿ ಕೋಟಾ ಮುಗಿದಿತ್ತು. ಮೂರು ಅರ್ಧಕ್ಕೇ ನಿಂತುಹೋದವು.

ಮುಗಿದ 12 ಸರ್ವೆಗೆ ಸರಾಸರಿ 14 ನಿಮಿಷ, 35 ರೂಪಾಯಿ. ಒಟ್ಟು 168 ನಿಮಿಷಕ್ಕೆ 420 ರೂಪಾಯಿ. ಇಷ್ಟನ್ನೇ ನೋಡಿದರೆ ಗಂಟೆಗೆ 150 ರೂಪಾಯಿ! ಜಾಹೀರಾತಿನಲ್ಲಿ ತೋರಿಸುವುದು ಇದೇ ಲೆಕ್ಕ. ಆದರೆ ಅರ್ಹರಲ್ಲ ಅಂದ 47 ಸರ್ವೆಗಳೇ ನನ್ನ 235 ನಿಮಿಷ ತಿಂದಿದ್ದವು, ಒಂದೊಂದು ಸುಮಾರು ಐದು ನಿಮಿಷ. ಕೋಟಾ ಮುಗಿದದ್ದು, ನಿಂತುಹೋದದ್ದು ಸೇರಿ ಇನ್ನೊಂದು ಗಂಟೆ. ಮಿಕ್ಕ ಎರಡು ಗಂಟೆಗೂ ಜಾಸ್ತಿ ಹೊತ್ತು ಪ್ರೊಫೈಲ್ ತುಂಬುವುದರಲ್ಲಿ, ಓಟಿಪಿ ಕಾಯುವುದರಲ್ಲಿ, ಪಟ್ಟಿ ಲೋಡ್ ಆಗುವುದನ್ನು ನೋಡುತ್ತಾ ಕೂರುವುದರಲ್ಲಿ ಹೋಯಿತು. 420ನ್ನು ಹತ್ತು ಗಂಟೆಗೆ ಹಂಚಿದರೆ 42. ಒಂದು ವಾರ ಬಿಟ್ಟು ನೋಡಿದರೆ ಮುಗಿದಿದ್ದ ಎರಡು ಸರ್ವೆಯ ಹಣವನ್ನು ವಾಪಸ್ ತೆಗೆದಿದ್ದರು, ಉತ್ತರ ಗುಣಮಟ್ಟಕ್ಕೆ ಬರಲಿಲ್ಲವಂತೆ. ಅದೇ ಸೊಟ್ಟ ಕಡ್ಡಿ. 70 ರೂಪಾಯಿ ಹೋಗಿ 350 ಉಳಿಯಿತು. ಗಂಟೆಗೆ 35.

ಆ 350 ಕೂಡ ಕೈಗೆ ಬರಲಿಲ್ಲ. ಆ ಸೈಟಿನಲ್ಲಿ ಕನಿಷ್ಠ 500 ಸೇರಿದರೆ ಮಾತ್ರ ಹಣ ತೆಗೆಯಬಹುದು. ಅಂದರೆ ಇದೇ ವೇಗದಲ್ಲಿ ಇನ್ನೂ ನಾಲ್ಕು ಗಂಟೆಗೂ ಹೆಚ್ಚು ಕೂರಬೇಕು. ತುಂಬಾ ಜನ ಇಲ್ಲೇ ಸಿಕ್ಕಿಬೀಳುತ್ತಾರೆ. ಬೇಜಾರಾಗಿ ಇನ್ನೊಂದು ಆ್ಯಪ್‌ಗೆ ಹೋಗುತ್ತಾರೆ, ಅಲ್ಲಿ 200, ಮತ್ತೊಂದರಲ್ಲಿ 150. ಮೂರು ಕಡೆ ಸೇರಿ 700 ರೂಪಾಯಿ ಇದೆ, ಒಂದು ಪೈಸೆಯನ್ನೂ ಮುಟ್ಟೋ ಹಾಗಿಲ್ಲ. ಅದಕ್ಕೇ ನಾನು ಹೇಳೋದು, ಸೇರುವ ಮೊದಲು ನೋಡಬೇಕಾದದ್ದು ಒಂದು ಸರ್ವೆಗೆ ಎಷ್ಟು ಅಂತಲ್ಲ, ಎಷ್ಟಾದರೆ ಕೊಡುತ್ತಾರೆ ಅಂತ. ಮತ್ತೆ ಯಾವ ರೂಪದಲ್ಲಿ ಅಂತ. ಗೂಗಲ್ ಒಪಿನಿಯನ್ ರಿವಾರ್ಡ್ಸ್ ಪ್ರಶ್ನೆಗಳು ಚಿಕ್ಕವು, ಚೆನ್ನಾಗಿಯೇ ಇವೆ. ಆದರೆ ಆಂಡ್ರಾಯ್ಡ್ ಫೋನಿನಲ್ಲಿ ಅದು ಕೊಡುವುದು ಪ್ಲೇ ಸ್ಟೋರ್‌ನಲ್ಲಿ ಖರ್ಚು ಮಾಡುವ ಕ್ರೆಡಿಟ್. ಅದರಿಂದ ಹಾಲಿನ ಬಿಲ್ ಕಟ್ಟೋಕಾಗಲ್ಲ.

ಇಷ್ಟೊಂದು ಸಲ ಯಾಕೆ ಹೊರಗೆ ಹಾಕುತ್ತಾರೆ? ಇದು ಎಲ್ಲ ಸಲವೂ ಮೋಸ ಅಲ್ಲ. ಸರ್ವೆ ಮಾಡಿಸುವ ಕಂಪನಿಗೆ ಬೇಕಾದದ್ದು ಯಾರೋ ಒಬ್ಬರ ಅಭಿಪ್ರಾಯ ಅಲ್ಲ. "ಕಳೆದ ಮೂರು ತಿಂಗಳಲ್ಲಿ ವಾಷಿಂಗ್ ಮೆಷಿನ್ ಕೊಂಡ, 25ರಿಂದ 34 ವಯಸ್ಸಿನ, ದೊಡ್ಡ ನಗರದ ಹೆಂಗಸರು 200 ಮಂದಿ" ಅಂತ ಕೇಳಿರುತ್ತಾರೆ. ಅದಕ್ಕೇ ಮೊದಲು ವಯಸ್ಸು, ಪಿನ್‌ಕೋಡ್, ಮನೆಯಲ್ಲಿ ಏನೇನಿದೆ ಅಂತ ಕೇಳೋದು. ಮಂಡ್ಯದ ಪಿನ್‌ಕೋಡ್ ಹಾಕಿದ ಕೂಡಲೇ ಇಂಥ ಎಷ್ಟೋ ಸರ್ವೆಗಳು ನನ್ನನ್ನು ಹೊರಗೆ ಹಾಕಿದವು. ಮನೆಯಲ್ಲಿ ಯಾರಾದರೂ ಜಾಹೀರಾತು, ಪತ್ರಿಕೆ, ಮಾರುಕಟ್ಟೆ ಸಮೀಕ್ಷೆ ಕೆಲಸದಲ್ಲಿದ್ದಾರಾ ಅಂತಲೂ ಕೇಳುತ್ತಾರೆ. ಹೌದು ಅಂದರೆ ಸಾಮಾನ್ಯವಾಗಿ ಅಲ್ಲೇ ಬಾಗಿಲು ಹಾಕಿತು. 200 ಮಂದಿ ತುಂಬಿದರೆ ಕೋಟಾ ಮುಗಿಯಿತು.

ಹಾಗಾದರೆ ಬೆಂಗಳೂರಿನ ಪಿನ್‌ಕೋಡ್ ಹಾಕಿ ಕಾರು ಇದೆ ಅಂದರೆ? ನಮ್ಮ ಮೈದುನ ಮಾಡಿ ನೋಡಿದ. ಎರಡು ವಾರ ಚೆನ್ನಾಗಿ ಬಂತು, ಆಮೇಲೆ ಖಾತೆಯನ್ನೇ ಮುಚ್ಚಿದರು, ಇದ್ದ ಹಣವೂ ಹೋಯಿತು. ಅವರಲ್ಲೂ ಉಪಾಯ ಇರುತ್ತದೆ. ಬ್ರ್ಯಾಂಡುಗಳ ಪಟ್ಟಿಯಲ್ಲಿ ಜಗತ್ತಿನಲ್ಲೇ ಇಲ್ಲದ ಬ್ರ್ಯಾಂಡಿನ ಹೆಸರು ಒಂದು ತೂರಿಸುತ್ತಾರೆ. ಅದನ್ನೂ ಬಳಸಿದ್ದೀನಿ ಅಂದರೆ ಸಿಕ್ಕಿಬಿದ್ದಿರಿ. ಮಧ್ಯದಲ್ಲಿ "ಇಲ್ಲಿ ಮೂರನೆಯದನ್ನೇ ಒತ್ತಿ" ಅಂತ ಒಂದು ಸಾಲು ಬರುತ್ತದೆ, ಓದದೆ ಒತ್ತುವವರನ್ನು ಹಿಡಿಯೋಕೆ. ಎಲ್ಲದಕ್ಕೂ ಒಂದೇ ಕಾಲಮ್ಮಿನಲ್ಲಿ ಟಿಕ್ ಹಾಕುವುದು, 15 ನಿಮಿಷದ್ದನ್ನು ನಾಲ್ಕು ನಿಮಿಷದಲ್ಲಿ ಮುಗಿಸುವುದು, ಇವೂ ಗೊತ್ತಾಗುತ್ತವೆ. ಒಂದೇ ವೈಫೈನಲ್ಲಿ ಗಂಡ ಹೆಂಡತಿ ಇಬ್ಬರೂ ಒಂದೇ ಸರ್ವೆ ತುಂಬಿದರೂ ಒಬ್ಬರೇ ಎರಡು ಸಲ ಮಾಡಿದ್ದಾರೆ ಅಂತ ತಿಳಿಯಬಹುದು.

ನ್ಯಾಯವಾದ ಸೋಸುವಿಕೆಗೂ ಹೊತ್ತು ತಿನ್ನುವ ಸೈಟಿಗೂ ವ್ಯತ್ಯಾಸ ಕಾಣುವುದು ಯಾವಾಗ ಹೊರಗೆ ಹಾಕುತ್ತಾರೆ ಅನ್ನುವುದರಲ್ಲಿ. ಎರಡು ಮೂರು ನಿಮಿಷದೊಳಗೆ ಬೇಡ ಅಂದರೆ ಅದು ಸೋಸುವಿಕೆ. ಹತ್ತು ನಿಮಿಷ ಕೂರಿಸಿ, ಯಾವ ಸೋಪು, ಯಾಕೆ ಇಷ್ಟ ಅಂತ ಎಲ್ಲ ಕೇಳಿ, ಆಮೇಲೆ ಅರ್ಹರಲ್ಲ ಅಂದರೆ ಉತ್ತರ ಬಿಟ್ಟಿಯಾಗಿ ಹೋಯಿತು ಅಂತಲೇ ನಾನು ಬರೆದುಕೊಳ್ಳುತ್ತೇನೆ. ಇನ್ನೊಂದು ಗುರುತು, ಒಂದು ಸರ್ವೆ ಬೇಡ ಅಂದ ಕೂಡಲೇ ತಾನಾಗಿ ಇನ್ನೊಂದಕ್ಕೆ ತಳ್ಳುವುದು. ಅಲ್ಲಿ ಮತ್ತೆ ವಯಸ್ಸು, ಮತ್ತೆ ಪಿನ್‌ಕೋಡ್. ಮೂರನೇ ಸಲ ವಯಸ್ಸು ಕೇಳಿದರೆ ನಾನು ಕಿಟಕಿ ಮುಚ್ಚುತ್ತೇನೆ. ಹೊಸ ಸೈಟಿಗೆ ನಾನು ಕೊಡುವುದು 20 ಸರ್ವೆಯ ಅವಕಾಶ. ತೆರೆದ 20ರಲ್ಲಿ ಮೂರಾದರೂ ಮುಗಿಯದಿದ್ದರೆ ಆ ಸೈಟು ನನಗಲ್ಲ.

ಚಿಕ್ಕ ಟಾಸ್ಕ್‌ಗಳದು ಸ್ವಲ್ಪ ಬೇರೆ. ಫೋಟೋದಲ್ಲಿ ಏನಿದೆ ಅಂತ ಗುರುತು ಹಾಕುವುದು, ಬಿಲ್ ನೋಡಿ ಟೈಪ್ ಮಾಡುವುದು, ಆಡಿಯೋ ಕೇಳಿ ಬರೆಯುವುದು. ಇಲ್ಲಿ ವಯಸ್ಸು ಕೇಳಿ ಹೊರಗೆ ಹಾಕುವುದು ಕಡಿಮೆ. ಆದರೆ ಮೊದಲು ಕಾಸಿಲ್ಲದ ಪರೀಕ್ಷೆ ಇರುತ್ತದೆ, ಒಳ್ಳೆಯ ಟಾಸ್ಕ್ ಹುಡುಕುವುದೇ ಒಂದು ಕೆಲಸ, ಮಾಡಿದ್ದನ್ನು ತಿರಸ್ಕರಿಸಿದರೆ ಹಣವಿಲ್ಲ. ಅಮೆಜಾನ್ 2005ರಲ್ಲಿ ಶುರುಮಾಡಿದ ಮೆಕ್ಯಾನಿಕಲ್ ಟರ್ಕ್ ಈ ಕೆಲಸಗಳ ಹಳೆಯ ಸಂತೆ. ಅಲ್ಲಿನ 2,676 ಕೆಲಸಗಾರರ ಗಳಿಕೆಯನ್ನು ಸಂಶೋಧಕರು ಲೆಕ್ಕ ಹಾಕಿ 2018ರಲ್ಲಿ ಪ್ರಕಟಿಸಿದರು. ಹುಡುಕಿದ ಹೊತ್ತು, ತಿರಸ್ಕಾರವಾದ ಕೆಲಸ, ಅರ್ಧಕ್ಕೆ ಬಿಟ್ಟದ್ದು ಎಲ್ಲ ಸೇರಿಸಿದಾಗ, ಸಾಲಾಗಿ ನಿಲ್ಲಿಸಿದರೆ ನಡುವೆ ಬರುವ ಕೆಲಸಗಾರನಿಗೆ ಗಂಟೆಗೆ ಸಿಕ್ಕಿದ್ದು ಸುಮಾರು ಎರಡು ಡಾಲರ್. ಅಮೆರಿಕದ ಕನಿಷ್ಠ ಕೂಲಿ 7.25 ಡಾಲರ್ ದಾಟಿದವರು ನೂರಕ್ಕೆ ನಾಲ್ಕು ಮಂದಿ. ಕಲಸಿದ್ದು ಸೇರಿಸಿ ನೋಡಿದವರು ಅಲ್ಲೂ ಇದ್ದಾರೆ ಅಂತ ಖುಷಿಯಾಯಿತು.

ಚಿತ್ರದಲ್ಲಿರುವ ಸೊಟ್ಟಪಟ್ಟ ಅಕ್ಷರ ನೋಡಿ ಟೈಪ್ ಮಾಡುವ ಕ್ಯಾಪ್ಚಾ ಟೈಪಿಂಗ್ ಕೇಳಲೇಬೇಡಿ. ಅಲ್ಲೂ ಸಾವಿರಕ್ಕೆ ಇಷ್ಟು ಅಂತಲೇ ಕೂಲಿ, ಸಾವಿರಕ್ಕೆ ಅರ್ಧ ಡಾಲರ್ ಆಸುಪಾಸು. ಕಾಯುವುದೂ ಸೇರಿ ಒಂದಕ್ಕೆ ಹತ್ತು ಸೆಕೆಂಡ್ ಹಿಡಿದರೆ ಗಂಟೆಗೆ 360 ಕ್ಯಾಪ್ಚಾ. ಹದಿನೈದು ರೂಪಾಯಿ ಬಂದರೆ ಪುಣ್ಯ.

ಒಂದು ಕೆಲಸ ಮಾತ್ರ ಕಣ್ಣಿಗೆ ಬಿದ್ದರೆ ಬಿಡಬೇಡಿ, ಕನ್ನಡದ ವಾಕ್ಯಗಳನ್ನು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡುವುದು. ಫೋಟೋಗೆ ಗುರುತು ಹಾಕುವವರು ಜಗತ್ತಿನ ತುಂಬಾ ಇದ್ದಾರೆ, ನಮ್ಮ ಕಡೆಯ ಕನ್ನಡ ಮಾತಾಡುವವರು ಇಲ್ಲಿ ಮಾತ್ರ. ಬೆಂಗಳೂರಿನ ಕಾರ್ಯ ಎಂಬ ಸಂಸ್ಥೆ ಇಂಥ ಕೆಲಸಕ್ಕೆ ಗಂಟೆಗೆ ಐದು ಡಾಲರ್ ಲೆಕ್ಕದಲ್ಲಿ ಕೊಟ್ಟದ್ದು 2023ರಲ್ಲಿ ಸುದ್ದಿಯಾಗಿತ್ತು. ಆದರೆ ಇದು ದಿನಾ ಸಿಗುವ ಕೆಲಸ ಅಲ್ಲ. ಓದಬೇಕಾದ ವಾಕ್ಯ ಮುಗಿದರೆ ಕೆಲಸವೂ ಮುಗಿಯಿತು.

ಇನ್ನು ಟೆಲಿಗ್ರಾಂನಲ್ಲಿ ಬರುವ "ವಿಡಿಯೋ ಲೈಕ್ ಮಾಡಿ, ಒಂದಕ್ಕೆ 50 ರೂಪಾಯಿ". ಇದು ಹೊತ್ತು ತಿನ್ನುವುದಲ್ಲ, ಕಳ್ಳತನ. ನಮ್ಮ ಹಿಂದಿನ ಬೀದಿಯ ಹುಡುಗನಿಗೆ ಮೊದಲ ದಿನ 150 ರೂಪಾಯಿ ನಿಜವಾಗಿ ಬಂತು. ಮಾರನೇ ದಿನ 1,000 ಹಾಕಿದರೆ 1,300 ಅಂದರು, ಅದೂ ಬಂತು. ಆಮೇಲೆ 5,000, ಆಮೇಲೆ 28,000. ಪರದೆಯ ಮೇಲೆ ಲಾಭ ಕಾಣುತ್ತದೆ, ತೆಗೆಯಲು ಹೋದರೆ ಇನ್ನಷ್ಟು ಕಟ್ಟು ಅನ್ನುತ್ತಾರೆ. ಕೆಲಸ ಕೊಡುವವರು ನಿಮ್ಮಿಂದ ಒಂದು ರೂಪಾಯಿ ಕೇಳಿದರೂ ಅಲ್ಲಿಗೇ ನಿಲ್ಲಿಸಿ. ಹಣ ಹೋಗಿದ್ದರೆ ನಾಚಿಕೆ ಪಟ್ಟು ಕೂರದೆ ತಕ್ಷಣ 1930ಕ್ಕೆ ಫೋನ್ ಮಾಡಿ, cybercrime.gov.in ನಲ್ಲೂ ದೂರು ಹಾಕಿ. ಬೇಗ ಹೇಳಿದಷ್ಟೂ ಹಣ ಮುಂದಿನ ಖಾತೆಗೆ ಹೋಗುವ ಮುಂಚೆ ತಡೆಯುವ ಸಾಧ್ಯತೆ ಜಾಸ್ತಿ. ಆ ಹುಡುಗ ಮನೆಯವರಿಗೆ ಹೇಳಿದ್ದೇ ನಾಲ್ಕು ದಿನ ಕಳೆದ ಮೇಲೆ.

ನನ್ನ 350 ಏನಾಯಿತು ಅಂತ ಕೇಳುತ್ತೀರಿ. ಐದು ರಾತ್ರಿ ಮತ್ತೆ ಕೂತು 500 ಮಾಡಿ, ಗಿಫ್ಟ್ ವೋಚರ್ ತೆಗೆದು, ಮಗುವಿಗೆ ಮಳೆಗಾಲದ ಜಾಕೆಟ್ ತಂದೆ. ಈಗಲೂ ಆ ಸೈಟಿದೆ. ರೇಷನ್ ಅಂಗಡಿ ಸಾಲಿನಲ್ಲಿ, ಬಸ್ಸಿನಲ್ಲಿ, ಹೇಗಿದ್ದರೂ ಸುಮ್ನೆ ಹೋಗುವ ಹೊತ್ತಿನಲ್ಲಿ ಮಾತ್ರ ತೆರೆಯುತ್ತೇನೆ. ರಾತ್ರಿಯ ಆ ಒಂದು ಗಂಟೆಯನ್ನು ಸೀರೆ ಕುಚ್ಚಿಗೆ ಕೊಟ್ಟಿದ್ದೇನೆ. ಸಾದಾ ಕುಚ್ಚಿಗೆ 200 ರೂಪಾಯಿ, ದಾರಕ್ಕೆ 30 ಹೋಗುತ್ತದೆ, ಎರಡು ರಾತ್ರಿ ಹಿಡಿಯುತ್ತದೆ. ಗಂಟೆಗೆ 85, ದಾರ ಬಿಡಿಸಿದ ಹೊತ್ತೂ ಸೇರಿಸಿ. ಸೀರೆ ಮಾತ್ರ ವಾರಕ್ಕೆ ಎರಡಕ್ಕಿಂತ ಜಾಸ್ತಿ ಬರುವುದಿಲ್ಲ, ಮದುವೆ ಸೀಸನ್ ಬಿಟ್ಟರೆ.