ಹಲಸಿನ ಬೇಳೆಯಲ್ಲಿ ಪ್ರೋಟೀನ್: ನೀಲಿಯಿಂದ ನೇರಳೆಗೆ ಬಂದ ಹನ್ನೊಂದು ದಿನ

ನಿನ್ನೆ ಸಂಜೆ ಪ್ರನಾಳದಲ್ಲಿ ಕೊನೆಗೂ ನೇರಳೆ ಬಣ್ಣ ಕಂಡಿತು. ತೀರ್ಥಹಳ್ಳಿಯ ಕಡೆ ಮಳೆ ಹಿಡಿದ ಮೇಲೆ ಮನೆಯಲ್ಲಿ ಹಲಸಿನ ಬೇಳೆಗೆ ಬರವಿರುವುದಿಲ್ಲ. ದ್ವಿತೀಯ ಪಿಯುಸಿ ಓದುತ್ತಿರುವ ತಂಗಿಯ ಮಗಳು ಪ್ರಾಯೋಗಿಕ ಪರೀಕ್ಷೆಯ ಅಭ್ಯಾಸಕ್ಕೆಂದು ಬಂದಾಗ, ಪಿಷ್ಟ, ಕೊಬ್ಬು, ಪ್ರೋಟೀನ್ ಮೂರನ್ನೂ ಈ ಒಂದೇ ಬೇಳೆಯಲ್ಲಿ ಹುಡುಕೋಣವೆಂದು ತೀರ್ಮಾನಿಸಿದೆವು.

ಪಿಷ್ಟದ ವಿಷಯದಲ್ಲಿ ಹೇಳುವುದು ಹೆಚ್ಚಿಲ್ಲ. ಬೇಯಿಸಿ ಸೋಸಿದ ನೀರನ್ನು ಚೆನ್ನಾಗಿ ತಣಿಸಿ ಅಯೋಡಿನ್ ಹನಿ ಹಾಕಿದ ಕೂಡಲೇ ಕಡುನೀಲಿಯಾಯಿತು. ಕೊಬ್ಬಿಗೆ ಕಾಗದದ ಮೇಲೆ ಉಜ್ಜಿ ನೋಡುವ ಪರೀಕ್ಷೆ ಮಾತ್ರ ಮಳೆಗಾಲದಲ್ಲಿ ಮೋಸ ಮಾಡುತ್ತದೆ. ಕಾಗದದ ನೀರು ಆರದೆ ಇದ್ದಾಗ ಅದೂ ಎಣ್ಣೆಯ ಕಲೆಯಂತೆಯೇ ಬೆಳಕನ್ನು ಬಿಡುತ್ತದೆ. ಒಲೆಯ ಬಿಸಿಗೆ ಹಿಡಿದು ಪೂರ್ತಿ ಒಣಗಿಸಿದ ಮೇಲೆ ಬೇಳೆಯ ಕಲೆ ಮಾಯವಾಯಿತು, ಪಕ್ಕದಲ್ಲಿ ಉಜ್ಜಿದ್ದ ಕೊಬ್ಬರಿಯ ಕಲೆ ಉಳಿಯಿತು. ಹಲಸಿನ ಬೇಳೆಯಲ್ಲಿ ಕೊಬ್ಬು ತೀರಾ ಕಡಿಮೆಯಾದ್ದರಿಂದ ಇದು ನಿರೀಕ್ಷಿಸಿದ ಫಲಿತಾಂಶವೇ.

ಕಾಡಿದ್ದು ಪ್ರೋಟೀನಿಗೆ ಮಾಡುವ ಬೈಯುರೆಟ್ ಪರೀಕ್ಷೆ. ಪ್ರೋಟೀನ್ ಇದ್ದರೆ ಇದರಲ್ಲಿ ನೇರಳೆ ಬಣ್ಣ ಬರಬೇಕು. ಅಯೋಡಿನ್‌ಗೆ ಬಳಸಿದ ಅದೇ ಬೇಯಿಸಿದ ನೀರು 2 ಮಿ.ಲೀ., ಶೇ 10ರ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ 2 ಮಿ.ಲೀ. ಸೇರಿಸಿ, ಶೇ 1ರ ಕಾಪರ್ ಸಲ್ಫೇಟನ್ನು ಡ್ರಾಪರಿನಲ್ಲಿ ಇದ್ದಷ್ಟೂ ಬಿಟ್ಟೆ. ಪ್ರನಾಳದ ತುಂಬ ಮೋಡದಂತೆ ದಟ್ಟ ತಿಳಿನೀಲಿ ಗಸಿ ತೇಲಿತು. ಅದನ್ನು ಬೆಳಕಿಗೆ ಹಿಡಿದ ಹುಡುಗಿ, "ಮಾವ, ಇದು ತೋಟಕ್ಕೆ ಹೊಡೆಯೋ ಮದ್ದಿನ ಬಣ್ಣವೇ ಅಲ್ವಾ?" ಎಂದಳು.

ಅವಳ ಮಾತಿನಲ್ಲಿಯೇ ಮೊದಲ ಉತ್ತರವಿತ್ತು. ಅಡಿಕೆಯ ಕೊಳೆರೋಗಕ್ಕೆ ನಾವು ಕಲಸುವ ಶೇ 1ರ ಬೋರ್ಡೋ ದ್ರಾವಣವೆಂದರೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಮೈಲುತುತ್ತವೇ ಕಾಪರ್ ಸಲ್ಫೇಟ್. ಕ್ಷಾರದೊಡನೆ ತಾಮ್ರ ಸೇರಿದಾಗ ನೀರಿನಲ್ಲಿ ಕರಗದ ನೀಲಿ ತಾಮ್ರದ ಸಂಯುಕ್ತ ಹುಟ್ಟುತ್ತದೆ. ಡ್ರಮ್ಮಿನಲ್ಲಿ ಸುಣ್ಣ ಮಾಡುವ ಕೆಲಸವನ್ನು ನನ್ನ ಪ್ರನಾಳದಲ್ಲಿ ಸೋಡಿಯಂ ಹೈಡ್ರಾಕ್ಸೈಡ್ ಮಾಡಿತ್ತು. ಬೇಳೆಯ ನೀರಿನ ಬದಲು ಬರಿಯ ನೀರು ಹಾಕಿ ಮಾಡಿದಾಗಲೂ ಅದೇ ನೀಲಿ ಬಂದದ್ದರಿಂದ, ಬಣ್ಣಕ್ಕೂ ಬೇಳೆಗೂ ಸಂಬಂಧವಿಲ್ಲವೆಂದು ಖಚಿತವಾಯಿತು. ತಾಮ್ರ ಹೆಚ್ಚಾದರೆ ಈ ಗಸಿಯು ನೇರಳೆಯನ್ನು ಮುಚ್ಚಿಬಿಡುತ್ತದೆ, ಆದ್ದರಿಂದ ಎರಡು ಮೂರು ಹನಿ ಸಾಕು, ಪ್ರತಿ ಹನಿಗೂ ಅಲುಗಾಡಿಸಬೇಕು.

ಮೂರು ಹನಿಗೆ ಇಳಿಸಿದೆ. ಗಸಿ ಹೋಯಿತು, ಆದರೆ ಉಳಿದದ್ದು ತೆಳು ನೀಲಿ ಮಾತ್ರ.

ಆಗ ಸಂಶಯ ಹೋದದ್ದು ಕ್ಷಾರದ ಮೇಲೆ. ಪೇಟೆಯ ಅಂಗಡಿಯಿಂದ ತರಿಸಿದ ಸೋಡಿಯಂ ಹೈಡ್ರಾಕ್ಸೈಡಿನ ಬಾಟಲಿಯ ಮುಚ್ಚಳ ಸಡಿಲವಿತ್ತು. ಒಳಗಿನ ಗುಳಿಗೆಗಳು ಒದ್ದೆಯಾಗಿ ಒಂದೇ ಉಂಡೆಯಾಗಿ, ಮೇಲೆ ಬಿಳಿ ಪುಡಿ ಕಟ್ಟಿತ್ತು. ಮಳೆಗಾಲದಲ್ಲಿ ಹೀಗೆಯೇ ಎಂದು ಅಂಗಡಿಯವರು ಹೇಳಿದ್ದು ನನಗೆ ಸ್ವಲ್ಪವೂ ಒಪ್ಪಿಗೆಯಾಗಲಿಲ್ಲ. ಗಾಳಿಯ ತೇವ ಹೀರುವ ವಸ್ತುವನ್ನು ಮಲೆನಾಡಿಗೆ ಮಾರುವವರು ಮುಚ್ಚಳಕ್ಕೆ ಒಂದು ಸುತ್ತು ಟೇಪ್ ಹಾಕಲೇಬೇಕು. ಚೂರೊಂದನ್ನು ನೀರಿನಲ್ಲಿ ಕರಗಿಸಿ, ಕನ್ನಡಕ ಧರಿಸಿಕೊಂಡು, ಹುಳಿಯಾಗುವ ತನಕ ವಿನೆಗರನ್ನು ಹನಿಹನಿಯಾಗಿ ಬಿಟ್ಟಾಗ ಗುಳ್ಳೆಗಳೆದ್ದವು. ಅಂದರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಒಂದು ಪಾಲು ಕಾರ್ಬೊನೇಟ್ ಆಗಿಹೋಗಿತ್ತು. ಹೊಸ ಬಾಟಲಿ ಬರಲು ಐದು ದಿನ ಹಿಡಿಯಿತು.

ಹೊಸ ಕ್ಷಾರವನ್ನು ಎರಡು ರೀತಿಯಲ್ಲಿ ಒರೆಗೆ ಹಚ್ಚಿದೆ. ಮೊದಲನೆಯದು ಮೊಟ್ಟೆಯ ಬಿಳಿ, ಅದು ತಡವಿಲ್ಲದೆ ನೇರಳೆಯಾಯಿತು. ಎರಡನೆಯದು ತೋಟಕ್ಕೆ ತಂದಿದ್ದ ಯೂರಿಯಾ. ಒಣ ಪ್ರನಾಳದಲ್ಲಿ ಚಿಟಿಕೆ ಯೂರಿಯಾವನ್ನು ಸಣ್ಣ ಉರಿಯಲ್ಲಿ ಕಾಯಿಸಿದರೆ ಸುಮಾರು 133 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಇನ್ನೂ ಕಾಯಿಸಿದಾಗ ಅಮೋನಿಯಾ ಬಿಟ್ಟು ಎರಡು ಅಣುಗಳು ಸೇರಿ ಬೈಯುರೆಟ್ ಆಗುತ್ತವೆ. ಮೂಗಿಗೆ ಹೊಡೆಯುವ ವಾಸನೆಯಾದ್ದರಿಂದ ಇದನ್ನು ಜಗುಲಿಯಲ್ಲೇ ಮಾಡಬೇಕು. ತಣಿದ ಮೇಲೆ ಬೆಚ್ಚನೆಯ ನೀರಿನಲ್ಲಿ ಕರಗಿಸಿ, ಕ್ಷಾರ ಮತ್ತು ಒಂದು ಹನಿ ತಾಮ್ರ ಹಾಕಿದಾಗ ಗುಲಾಬಿ ಮಿಶ್ರಿತ ನೇರಳೆ ಬಂದಿತು. ಪರೀಕ್ಷೆಗೆ ಹೆಸರು ಬಂದದ್ದು ಈ ವಸ್ತುವಿನಿಂದ. ಪ್ರೋಟೀನಿನಲ್ಲಿ ಬೈಯುರೆಟ್ ಇರುವುದಿಲ್ಲ. ಎರಡರಲ್ಲಿಯೂ ತಾಮ್ರದ ಅಯಾನು ಹಿಡಿದುಕೊಳ್ಳುವ ಒಂದೇ ಬಗೆಯ ಸಾರಜನಕದ ಬಂಧಗಳಿರುವುದರಿಂದ ಒಂದೇ ಬಗೆಯ ಬಣ್ಣ ಬರುತ್ತದೆ.

ಹೀಗೆ ರಾಸಾಯನಿಕಗಳೆಲ್ಲ ಸರಿಯಿದ್ದವು, ಬೇಳೆಯ ನೀರು ಮಾತ್ರ ನೀಲಿಯಾಗಿಯೇ ಉಳಿಯಿತು. ಹಲಸಿನ ಬೇಳೆಯಲ್ಲಿ ಜಾಕಲಿನ್ ಎಂಬ ಪ್ರೋಟೀನ್ ಧಾರಾಳವಾಗಿದೆ ಎಂಬುದು ತಿಳಿದ ಸಂಗತಿ. ಇರುವ ಪ್ರೋಟೀನ್ ಎಲ್ಲಿ ಹೋಯಿತು?

ಉತ್ತರ ಸೋಸುವ ಬಟ್ಟೆಯ ಮೇಲಿತ್ತು. ಮೊಟ್ಟೆಯ ಬಿಳಿ ಬೆಂದಾಗ ಗಟ್ಟಿಯಾಗುವಂತೆ ಬೇಳೆಯ ಪ್ರೋಟೀನೂ ಕುದಿಯುವಾಗ ಹೆಪ್ಪುಗಟ್ಟಿ, ನೀರಿಗಿಳಿಯದೆ ಹಿಟ್ಟಿನಲ್ಲಿಯೇ ಉಳಿದಿತ್ತು. ಎಸೆಯಲು ತೆಗೆದಿಟ್ಟಿದ್ದ ಆ ಹಿಟ್ಟಿನ ಚಿಟಿಕೆಯನ್ನು ಬಿಳಿ ಪಿಂಗಾಣಿ ತಟ್ಟೆಯಲ್ಲಿ ಹರಡಿ, ಕ್ಷಾರ ಹಾಕಿ ಎರಡು ಹನಿ ತಾಮ್ರ ಬಿಟ್ಟೆ. ಮೂರು ನಿಮಿಷದಲ್ಲಿ ಹಿಟ್ಟಿನ ಕಣಗಳ ಅಂಚು ನೇರಳೆಗೆ ತಿರುಗಿತು, ಸುತ್ತಲಿನ ನೀರು ತೆಳು ನೀಲಿಯಾಗಿಯೇ ಇತ್ತು. ಪಿಷ್ಟಕ್ಕೆ ಬೇಯಿಸುವುದು ಅನುಕೂಲ, ಪ್ರೋಟೀನಿಗೆ ಅದೇ ಅಡ್ಡಿ. ಒಂದೇ ಸಾರದಲ್ಲಿ ಮೂರೂ ಪರೀಕ್ಷೆ ಮುಗಿಸುವ ಅಭ್ಯಾಸದಲ್ಲಿ ಈ ದೋಷ ಅಡಗಿದೆ.

ಆಮೇಲೆ ಹಸಿ ಬೇಳೆಯನ್ನು ತುರಿದು 10 ಗ್ರಾಂ ತೂಗಿ, ಚಿಟಿಕೆ ಉಪ್ಪು ಹಾಕಿದ 40 ಮಿ.ಲೀ. ತಣ್ಣೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹಿಂಡಿ ಸೋಸಿದೆ. ಮೊದಲ ಸಲ ಕಂದು ಸಿಪ್ಪೆಯನ್ನು ಬಿಟ್ಟಿದ್ದೆ. ಕ್ಷಾರ ಬೀಳುತ್ತಲೇ ಸಾರ ಚಹದ ಬಣ್ಣಕ್ಕೆ ತಿರುಗಿದ್ದರಿಂದ ಏನನ್ನೂ ಓದಲಾಗಲಿಲ್ಲ. ಎರಡನೆಯ ಸಲ ಬಿಳಿಯ ಹೊರಪೊರೆಯ ಜೊತೆ ಕಂದು ಸಿಪ್ಪೆಯನ್ನೂ ಚಾಕುವಿನಿಂದ ಹೆರೆದು ತೆಗೆದೆ. ಆದರೆ ಹಾಲಿನಂತಿದ್ದ ಸಾರವನ್ನು ಹಾಗೆಯೇ ಬಳಸಿದ್ದರಿಂದ, ಗಟ್ಟಿ ಕ್ಷಾರದಲ್ಲಿ ಪಿಷ್ಟವು ಬೇಯಿಸದೆಯೇ ಗಂಜಿಯಂತೆ ಅಂಟಾಯಿತು. ಮೂರನೆಯ ಸಲ ಎರಡು ಗಂಟೆ ಅಲುಗಿಸದೆ ಇಟ್ಟೆ. ಲೋಟದ ತಳದಲ್ಲಿ ಬೆರಳ ದಪ್ಪ ಬಿಳಿ ಪಿಷ್ಟ ಕುಳಿತು, ಮೇಲೆ ತುಸು ಮಬ್ಬಾದ ತಿಳಿ ನಿಂತಿತು. ಆ ತಿಳಿ 2 ಮಿ.ಲೀ., ಕ್ಷಾರ 2 ಮಿ.ಲೀ., ತಾಮ್ರ ಮೂರು ಹನಿ. ಐದು ನಿಮಿಷ ಕಾದಾಗ ಬದನೆ ಹೂವಿನ ನೇರಳೆ ಬಂದಿತು. ಪಕ್ಕದ ಬರಿಯ ನೀರಿನ ಪ್ರನಾಳದಲ್ಲಿ ನೀಲಿಯೇ ಇತ್ತು.

ಪ್ರಮಾಣವನ್ನು ಅಂದಾಜಿಸಲು ಮೊಟ್ಟೆಯ ಬಿಳಿಯನ್ನು ಉಪ್ಪುನೀರಿನಲ್ಲಿ ಹತ್ತು ಪಟ್ಟು ಮತ್ತು ಇಪ್ಪತ್ತು ಪಟ್ಟು ತೆಳು ಮಾಡಿ ಹೋಲಿಸಿದೆ. ಬರಿಯ ನೀರಿನಲ್ಲಿ ಅದು ಮಬ್ಬಾಗುತ್ತದೆಂದು ಉಪ್ಪು. ಮೊಟ್ಟೆಯ ಬಿಳಿಯಲ್ಲಿ ಸುಮಾರು ಶೇ 10 ಪ್ರೋಟೀನ್ ಇರುವುದರಿಂದ ಇವು ಶೇ 1 ಮತ್ತು ಶೇ 0.5ರ ದ್ರಾವಣಗಳು. ಬೇಳೆಯ ತಿಳಿಯ ಬಣ್ಣ ಎರಡನೆಯದಕ್ಕೆ ಹತ್ತಿರವಿತ್ತು. ಇದು ತಣ್ಣೀರಿಗೆ ಇಳಿದ ಪಾಲಿನ ಅಂದಾಜು ಮಾತ್ರ, ಇಡೀ ಬೇಳೆಯ ಲೆಕ್ಕವಲ್ಲ.

ಮುಂದಿನ ಸರದಿ ಜೋನಿ ಬೆಲ್ಲದ್ದು. ಸಕ್ಕರೆ ಬೆನೆಡಿಕ್ಟ್ ದ್ರಾವಣವನ್ನು ನೀಲಿಯಾಗಿಯೇ ಬಿಡುತ್ತದೆ, ಜೋನಿ ಬೆಲ್ಲ ಇಟ್ಟಿಗೆ ಕೆಂಪಾಗಿಸಬೇಕು, ಏಕೆಂದರೆ ಅದರಲ್ಲಿ ಸುಕ್ರೋಸಿನ ಒಂದು ಪಾಲು ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗಿರುತ್ತದೆ. ಅದೇ ಸಕ್ಕರೆಯನ್ನು ಸಾರರಿಕ್ತ ಆಮ್ಲದಲ್ಲಿ ಕಾಯಿಸಿ ಒಡೆದು, ಸೋಡಾದಿಂದ ಆಮ್ಲವನ್ನು ತಟಸ್ಥಗೊಳಿಸಿ ಮತ್ತೆ ನೋಡುವ ಯೋಜನೆಯಿದೆ. ಬಾಟಲಿಯಲ್ಲಿ ಬೆಲ್ಲ ಸಿದ್ಧವಾಗಿದೆ, ಬೆನೆಡಿಕ್ಟ್ ದ್ರಾವಣಕ್ಕೆ ಬೇಕಾದ ಸೋಡಿಯಂ ಸಿಟ್ರೇಟ್ ಇನ್ನೂ ಬಂದಿಲ್ಲ.