ಅಪ್ಪ ಲಾರಿಗೆ ಪಾತ್ರೆ ಹೇರಿದ್ದು ಯಾವಾಗ?

ಭಾನುವಾರ, 14 ಜುಲೈ 2024

ಕತೆಯ ಕರಡನ್ನು ಅತ್ತಿಗೆ ಓದಿ ವಾಪಸ್ ಕೊಟ್ಟರು. ಮೂರು ಕಡೆ ಪೆನ್ಸಿಲ್‌ನಲ್ಲಿ ಒಂದೇ ಪ್ರಶ್ನೆ ಬರೆದಿದ್ದರು: "ಇದು ಯಾವಾಗಿನ ಮಾತು ಕಣೇ?"

ಕತೆ ಶರಾವತಿ ಮುಳುಗಡೆಯದ್ದು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ನನ್ನ ಸಾವಿತ್ರಿಯ ಮನೆಯವರು ಅದಕ್ಕೆ ಒಂದು ವರ್ಷ ಮೊದಲು ಊರು ಬಿಡುತ್ತಾರೆ, ಆಗ ಅವಳಿಗೆ ಹತ್ತು ವರ್ಷ. ಕತೆಯ "ಈಗ" ಅಂದರೆ 2003, ಸಾಗರದ ಒಂದು ಮನೆ. ಅವಳಿಗೆ ಐವತ್ತು.

ಅತ್ತಿಗೆ ಮೊದಲು ಎಡವಿದ ಜಾಗ ಇದು:

"ಸಾವಿತ್ರಿ ಬಾಗಿಲು ತೆಗೆದಳು. ಮಳೆ ಸುರಿಯುತ್ತಿತ್ತು. ಅಪ್ಪ ಲಾರಿಗೆ ಪಾತ್ರೆ ಹೇರಿದ. ಅಮ್ಮ ತುಳಸಿಕಟ್ಟೆ ಮುಂದೆ ನಿಂತಳು."

ಬರೆಯುವಾಗ ನನ್ನ ತಲೆಯಲ್ಲಿ ನಲವತ್ತು ವರ್ಷ ಹಿಂದಕ್ಕೆ ಹೋಗಿಯಾಗಿತ್ತು. ಕಾಗದದ ಮೇಲೆ ಏನೂ ಬದಲಾಗಿರಲಿಲ್ಲ. ತೆಗೆದಳು, ಹೇರಿದ, ನಿಂತಳು, ಎಲ್ಲಾ ಒಂದೇ ಸಾಲಿನಲ್ಲಿವೆ. ಅಪ್ಪ ಇನ್ನೂ ಬದುಕಿದ್ದಾರೆ, ಸಾಗರದ ಮನೆ ಖಾಲಿ ಮಾಡುತ್ತಿದ್ದಾರೆ ಅಂತ ಅತ್ತಿಗೆ ಅಂದುಕೊಂಡರು. ಅದರಲ್ಲಿ ಅವರ ತಪ್ಪೇನೂ ಇಲ್ಲ.

ಇದಕ್ಕೆ ಕನ್ನಡದಲ್ಲೇ ದಾರಿ ಇದೆ. "ಹೇರಿದ" ಅನ್ನುವುದನ್ನು "ಹೇರಿದ್ದ" ಮಾಡಿದರೆ ಸಾಕು, ಕ್ರಿಯೆ ಒಂದು ಹೆಜ್ಜೆ ಹಿಂದಕ್ಕೆ ಹೋಗುತ್ತದೆ. ಹೀಗೆ ಬದಲಾಯಿಸಿದೆ:

"ಮಳೆ ಸುರಿಯುತ್ತಿತ್ತು. ಊರು ಬಿಟ್ಟ ದಿನವೂ ಹೀಗೇ ಸುರಿದಿತ್ತು. ಬೆಳಿಗ್ಗೆಯೇ ಅಪ್ಪ ಲಾರಿ ತರಿಸಿದ್ದ. ಹತ್ತು ವರ್ಷದ ಸಾವಿತ್ರಿಯ ಕೈಗೆ ದೇವರ ಗಂಟೆ ಕೊಟ್ಟಿದ್ದ. ಅಮ್ಮ ತುಳಸಿಕಟ್ಟೆ ಹತ್ತಿರ ಹೋದಳು. ಒಂದು ಹಿಡಿ ಮಣ್ಣನ್ನು ಸೆರಗಿಗೆ ಕಟ್ಟಿಕೊಂಡಳು."

ಮೂರು ಕ್ರಿಯಾಪದ ಮಾತ್ರ "ಇತ್ತು, ಇದ್ದ" ರೂಪದಲ್ಲಿವೆ. ಅಷ್ಟರಲ್ಲಿ ಓದುಗರು ಹಳೇ ಊರಿಗೆ ತಲುಪಿರುತ್ತಾರೆ. ಆಮೇಲೆ "ಹೋದಳು, ಕಟ್ಟಿಕೊಂಡಳು" ಅಂತ ಮಾಮೂಲಿ ಭೂತಕಾಲಕ್ಕೆ ಬಂದರೂ ದಾರಿ ತಪ್ಪುವುದಿಲ್ಲ. ಎರಡು ಪುಟ ಪೂರ್ತಿ ಇದ್ದ, ಇದ್ದಳು ಅಂತಲೇ ಎಳೆದರೆ ಕಿವಿ ಸೋಲುತ್ತದೆ, ದೃಶ್ಯವೂ ಯಾರೋ ಹೇಳಿದ ವರದಿಯ ಹಾಗೆ ದೂರ ನಿಂತುಬಿಡುತ್ತದೆ.

ಒಂದು ಎಚ್ಚರ ಬೇಕು. ಈ ಕೆಲಸಕ್ಕೆ ಎಲ್ಲಾ ಕ್ರಿಯಾಪದವೂ ಆಗುವುದಿಲ್ಲ. ನಾನು ಮೊದಲು "ಸಾವಿತ್ರಿ ಗಂಟೆ ಹಿಡಿದು ಕೂತಿದ್ದಳು" ಅಂತ ಬರೆದಿದ್ದೆ. ಆದರೆ ಕೂತಿದ್ದಳು ಅಂದರೆ ಈ ಗಳಿಗೆಯಲ್ಲಿ ಕೂತಿರುವುದೂ ಆಗಬಹುದು, ಹಿಂದೆಂದೋ ಕೂತದ್ದೂ ಆಗಬಹುದು. ನಿಂತಿದ್ದಳು, ಮಲಗಿದ್ದಳು ಕೂಡ ಹಾಗೇ. ಹಿಂದಕ್ಕೆ ಹೋಗುವ ಬಾಗಿಲಲ್ಲಿ ತರಿಸು, ಕೊಡು, ಹೇರು ಇಂಥ ಮಾಡಿ ಮುಗಿಸುವ ಕೆಲಸಗಳೇ ಇರಬೇಕು.

ವಾಪಸ್ ಬರುವುದು ಇದಕ್ಕಿಂತ ಕಷ್ಟ. ಕರಡಿನಲ್ಲಿ ನಾನು ಮಳೆಯಿಂದಲೇ ಹೊರಗೆ ಬಂದಿದ್ದೆ: "ಮಳೆ ನಿಂತಿತು. ಸಾವಿತ್ರಿ ಒಳಗೆ ಹೋದಳು." ಯಾವ ಮಳೆ? ಯಾವ ಮನೆಯ ಒಳಗೆ? ಅತ್ತಿಗೆಯ ಎರಡನೇ ಪೆನ್ಸಿಲ್ ಗುರುತು ಇಲ್ಲೇ ಇತ್ತು. ಮಳೆ ಎರಡೂ ಕಾಲದಲ್ಲಿ ಇರುವುದರಿಂದಲೇ ಹಿಂದಕ್ಕೆ ಹೋಗಲು ಅದು ಒಳ್ಳೆಯ ಸೇತುವೆ ಆಯಿತು. ಅದೇ ಕಾರಣಕ್ಕೆ ವಾಪಸ್ ಬರಲು ಅದು ಆಗದು. ಬರುವಾಗ 1963ರ ಆ ಮನೆಯಲ್ಲಿ ಇರಲು ಸಾಧ್ಯವೇ ಇಲ್ಲದ ವಸ್ತು ಬೇಕು. ಈಗ ಹೀಗಿದೆ: "ಒಳಗೆ ಫೋನ್ ಹೊಡೆದುಕೊಂಡಿತು. ಬೆಂಗಳೂರಿನಿಂದ ಮಗ. 'ಬಸ್ ಸಿಕ್ತೇನೋ?' ಎಂದಳು ಸಾವಿತ್ರಿ." ಅವಳಿಗೆ ಮಗ ಇದ್ದಾನೆ ಅಂದಮೇಲೆ ಇಸವಿ ಬರೆಯುವ ಅಗತ್ಯವೇ ಬೀಳಲಿಲ್ಲ.

ಮೂರನೇ ಗುರುತು ನನಗೆ ನಿಜಕ್ಕೂ ನೋವು ಕೊಟ್ಟಿತು. ಹಳೇ ಊರಿನ ದೃಶ್ಯದ ನಡುವೆ "ಇಪ್ಪತ್ತು ವರ್ಷದ ಹಿಂದೆ ಅಜ್ಜ ಈ ತೋಟ ಮಾಡಿದ್ದ" ಅಂತ ಬರೆದಿದ್ದೆ. ಎಲ್ಲಿಂದ ಇಪ್ಪತ್ತು ವರ್ಷ? 2003ರಿಂದ ಎಣಿಸಿದರೆ 1983. ಆಗ ಆ ತೋಟ ನೀರಿನ ತಳದಲ್ಲಿತ್ತು! "ಹಿಂದೆ" ಅನ್ನುವ ಮಾತನ್ನು ಓದುಗರು ಕತೆಯ ಈಗಿನಿಂದಲೇ ಎಣಿಸುತ್ತಾರೆ, ಅಲ್ವಾ? ಅದಕ್ಕೇ ಸಂಖ್ಯೆ ತೆಗೆದು "ಅಪ್ಪನ ಮದುವೆಯ ವರ್ಷ ಅಜ್ಜ ಮಾಡಿದ ತೋಟ" ಅಂತ ಬರೆದೆ. ಮನೆಯವರು ಮಾತಾಡುವುದೂ ಹಾಗೇ.

ಆಮೇಲೆ ಕೂತು "ಈಗ", "ನಿನ್ನೆ", "ನಾಳೆ" ಎಲ್ಲವನ್ನೂ ಹುಡುಕಿದೆ. ಹಳೇ ಊರಿನ ದೃಶ್ಯದಲ್ಲಿ ನಾನು ಹೇಳುವ ಸಾಲುಗಳಲ್ಲಿ ಅವು "ಆಗ", "ಹಿಂದಿನ ದಿನ", "ಮರುದಿನ" ಆದವು. ಪಾತ್ರಗಳ ಬಾಯಲ್ಲಿ ಇದ್ದದ್ದನ್ನು ಮುಟ್ಟಲಿಲ್ಲ. ಅಮ್ಮ ಲಾರಿ ಹತ್ತುವಾಗ "ನಾಳೆ ದೀಪ ಹಚ್ಚೋರು ಯಾರು?" ಅಂತ ಕೇಳುತ್ತಾಳೆ. ಅಲ್ಲಿ ಮರುದಿನ ಅಂದರೆ ಅಮ್ಮನೇ ಇರುವುದಿಲ್ಲ.

ಇನ್ನೊಂದು ಜಾಗ ಬಾಕಿ ಇದೆ. ಊರು ಬಿಟ್ಟಮೇಲೆ ಹನ್ನೊಂದು ವರ್ಷ ಹಾರಿ ಸಾವಿತ್ರಿಯ ಮದುವೆಗೆ ಬರುತ್ತೇನೆ, ನಡುವೆ ಬರೀ ಒಂದು ಖಾಲಿ ಸಾಲಿದೆ. ಅದು ಸಾಲದು. ಹೊಸ ಭಾಗದ ಮೊದಲ ವಾಕ್ಯದಲ್ಲೇ ಅವಳ ವಯಸ್ಸು ಗೊತ್ತಾಗಬೇಕು. ಅಮ್ಮ ಸೆರಗಿಗೆ ಕಟ್ಟಿಕೊಂಡ ಮಣ್ಣು ಮದುವೆ ಮನೆಯ ತುಳಸಿಕಟ್ಟೆಯಲ್ಲಿ ಕಾಣಬೇಕು ಅಂತ ಆಸೆ. ಇವತ್ತು ಮೂರು ಸಲ ಬರೆದು ಹೊಡೆದುಹಾಕಿದೆ.